ಹಸಿರು ಗುಂಡಿಯ ಹಿಂದೆ ಸಿನಿಮಾ ಇಲ್ಲ

2022ರ ಡಿಸೆಂಬರ್ 4, ಭಾನುವಾರ. ಸ್ಟುಡಿಯೋಗೆ ರಜೆ ಹಾಕಿ ಊರಿಗೆ ಹೋಗಿದ್ದೆ. ಬಿ.ಸಿ. ರೋಡಿನಲ್ಲಿ ಬಸ್ ಇಳಿದು ಬಂಟ್ವಾಳದ ಚಿಕ್ಕಮ್ಮನ ಮನೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಚಹಾ ಬರುವ ಮೊದಲೇ ಫೋನ್ ಬಂತು. ನನಗೆ ಬಂದ ಕರೆಯಲ್ಲ, ಚಿಕ್ಕಮ್ಮನ ಫೋನೇ ನನ್ನ ಕೈಗೆ ಬಂತು.

"ನೋಡು ಮಾರಾಯ, ನೀನು ಇಂಜಿನಿಯರಿಂಗ್ ಓದಿದವನಲ್ವಾ? ಇದಕ್ಕೆ ಎಂತ ಆಗಿದೆ ಅಂತ ಹೇಳು. ಬೆಳಗ್ಗಿನಿಂದ ಠಣ್ ಠಣ್ ಅಂತ ಬಡ್ಕೊಳ್ತಾ ಉಂಟು."

ಪರದೆಯ ಮೇಲೆ ಸಾಲು ಸಾಲು ನೋಟಿಫಿಕೇಶನ್. ಫೋನಿನಲ್ಲಿ ಐದು ವೈರಸ್ ಇದೆ ಅಂತ ಒಂದು, ಬ್ಯಾಟರಿ ಹಾಳಾಗಿದೆ ಅಂತ ಇನ್ನೊಂದು, ನಿಮಗೆ ಬಹುಮಾನ ಬಂದಿದೆ ಅಂತ ಮತ್ತೊಂದು. ಮೂಲೆಯಲ್ಲಿ ನಿಂತಿದ್ದ ಚಿಕ್ಕಮ್ಮನ ಮಗ ನೆಲ ನೋಡುತ್ತಿದ್ದ. ಮೂಡಬಿದಿರೆಯಲ್ಲಿ ಪಿಯುಸಿ ಓದುವ ಹುಡುಗ. ಅವನ ಮುಖ ನೋಡಿದಾಗಲೇ ಗೊತ್ತಾಯಿತು, ಇದು ಬರೀ ಠಣ್ ಠಣ್ ಸಮಸ್ಯೆಯಲ್ಲ ಅಂತ.

ನಡೆದದ್ದು ಇಷ್ಟು. ಆ ದಿನಗಳು ನಿಮಗೂ ನೆನಪಿರಬಹುದು. 'ಕಾಂತಾರ' ಸೆಪ್ಟೆಂಬರ್ 30ಕ್ಕೆ ಥಿಯೇಟರಿಗೆ ಬಂದಿತ್ತು. ನವೆಂಬರ್ 24ರಿಂದ ಅಮೆಜಾನ್ ಪ್ರೈಮ್‌ನಲ್ಲಿ ಕನ್ನಡದಲ್ಲಿ ನೋಡಲು ಸಿಗುತ್ತಿತ್ತು. ಡಿಸೆಂಬರ್ 2ರ ಶುಕ್ರವಾರ ತುಳು ಆವೃತ್ತಿ ಥಿಯೇಟರಿಗೆ ಬಂತು. ನಮ್ಮ ಊರಿನ ಕಥೆ, ನಮ್ಮ ಊರಿನ ಭಾಷೆಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ, ಎಲ್ಲಿ ಹೋದರೂ ಅದೇ ಮಾತು. ಅಜ್ಜಿಗೆ ತುಳುವಿನಲ್ಲಿ ತೋರಿಸಬೇಕು ಅಂತ ಹುಡುಗನಿಗೆ ಆಸೆ. ಅಜ್ಜಿಗೆ ಮೊಣಕಾಲು ನೋವು, ಥಿಯೇಟರಿಗೆ ಹೋಗಲು ಆಗದು. ಅಮ್ಮನ ಫೋನು ತೆಗೆದ, ಗೂಗಲ್‌ನಲ್ಲಿ `kantara tulu full movie download` ಅಂತ ಟೈಪ್ ಮಾಡಿದ.

ಇಲ್ಲೇ ಒಂದು ನಿಮಿಷ ನಿಲ್ಲಿ. ಮೊದಲ ಸುಳಿವು ಇರುವುದು ಆ ಸೈಟಿನಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ಎರಡು ದಿನದ ಹಿಂದಷ್ಟೇ ಥಿಯೇಟರಿಗೆ ಬಂದ ಚಿತ್ರ, ಯಾವ ಓಟಿಟಿಯಲ್ಲೂ ಇಲ್ಲದ ಆವೃತ್ತಿ, ಅದು "ಫುಲ್ ಎಚ್‌ಡಿ, ಫ್ರೀ" ಅಂತ ಎಲ್ಲಿಂದ ಬರಬೇಕು? ಎರಡೇ ಸಾಧ್ಯತೆ. ಒಂದೋ ಯಾರೋ ಥಿಯೇಟರಿನಲ್ಲಿ ಕೂತು ಕದ್ದು ಚಿತ್ರೀಕರಿಸಿದ್ದು, ಅದು ಎಚ್‌ಡಿ ಆಗಿರುವುದಿಲ್ಲ. ಇಲ್ಲದಿದ್ದರೆ ಅಲ್ಲಿ ಸಿನಿಮಾವೇ ಇಲ್ಲ. ಹುಡುಗ ಹೋದದ್ದು ಎರಡನೆಯ ಜಾತಿಯ ಸೈಟಿಗೆ. ಆ ಪುಟದಲ್ಲಿ 'ಕಾಂತಾರ'ದ ಪೋಸ್ಟರ್ ಇತ್ತು, ಕಥೆಯ ನಾಲ್ಕು ಸಾಲು ಇತ್ತು, ನಟರ ಹೆಸರಿತ್ತು. ಸಿನಿಮಾ ಮಾತ್ರ ಇರಲಿಲ್ಲ.

ಇಂಥ ಸೈಟುಗಳು ಯಾಕೆ ಹುಟ್ಟುತ್ತವೆ ಅಂತ ಸ್ವಲ್ಪ ಹೇಳಬೇಕು. ಪೈರಸಿ ಸೈಟುಗಳನ್ನು ಕೋರ್ಟುಗಳು ಬ್ಲಾಕ್ ಮಾಡಿಸುತ್ತವೆ. ಬ್ಲಾಕ್ ಆದ ಮರುದಿನ ಅದೇ ಸೈಟು ಒಂದಕ್ಷರ ಬದಲಿಸಿ ಬೇರೆ ವಿಳಾಸದಲ್ಲಿ ಬರುತ್ತದೆ. ಈ ಕಣ್ಣಾಮುಚ್ಚಾಲೆಗೆ ಉತ್ತರವಾಗಿ ದೆಹಲಿ ಹೈಕೋರ್ಟ್ 2019ರಲ್ಲಿ ಒಂದು ಮುಖ್ಯ ಆದೇಶ ಕೊಟ್ಟಿತು. ಹೊಸ ವಿಳಾಸದಲ್ಲಿ ಬಂದ ನಕಲಿಗೆ ಪ್ರತಿ ಸಲ ಹೊಸ ಕೇಸು ಹಾಕಬೇಕಾಗಿಲ್ಲ, ಹಳೆಯ ಆದೇಶವನ್ನೇ ಅದಕ್ಕೂ ವಿಸ್ತರಿಸಬಹುದು ಅಂತ. ಹಾಗಾಗಿ ಆ ಸೈಟುಗಳು ವಿಳಾಸ ಬದಲಿಸುತ್ತಲೇ ಇರಬೇಕು. ಜನರಿಗೆ ಇವತ್ತಿನ ವಿಳಾಸ ಯಾವುದು ಅಂತ ಗೊತ್ತಿರುವುದಿಲ್ಲ, ಅವರು ಹುಡುಕುತ್ತಾರೆ. ಈ ಗೊಂದಲದೊಳಗೆ ಮೂರನೆಯವನೊಬ್ಬ ನುಗ್ಗುತ್ತಾನೆ. ಕಳ್ಳ ಸೈಟಿನದ್ದೇ ಬಣ್ಣ, ಅದೇ ಹೆಸರು ಹಾಕಿಕೊಂಡು ಕೂರುತ್ತಾನೆ. ಅವನ ಬಳಿ ಕದ್ದ ಸಿನಿಮಾ ಕೂಡ ಇಲ್ಲ. ಕಳ್ಳನ ವೇಷ ಹಾಕಿದ ಕಳ್ಳ, ಅಷ್ಟೇ. ಇದರಿಂದಲೇ "ಆ ಸೈಟು ಒಳ್ಳೆಯದು, ಈ ಸೈಟು ಕೆಟ್ಟದು" ಅಂತ ಪಟ್ಟಿ ಇಟ್ಟುಕೊಂಡರೆ ಉಪಯೋಗವಿಲ್ಲ. ಪಟ್ಟಿ ನಾಳೆಗೇ ಹಳತಾಗುತ್ತದೆ. ಗೊತ್ತಿರಬೇಕಾದ್ದು ಪುಟದ ನಡವಳಿಕೆ.

ಈಗ ಆ ಪುಟದೊಳಗೆ ಹೋಗೋಣ. ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲೆಲ್ಲಿ ಒತ್ತಿದೆ ಅಂತ ಒಂದೊಂದೇ ಕೇಳಿದೆ. ಬೈಯಲಿಲ್ಲ. ಬೈದರೆ ಅರ್ಧ ಮುಚ್ಚಿಡುತ್ತಾನೆ, ಆಮೇಲೆ ನನಗೇ ಕಷ್ಟ.

ಪುಟದಲ್ಲಿ `Download` ಅಂತ ಬರೆದ ಗುಂಡಿಗಳು ಐದಾರು ಇದ್ದವಂತೆ. ದೊಡ್ಡದು, ಹಸಿರು, ಮಿನುಗುವುದು. ಒಂದು ಪ್ರಾಮಾಣಿಕ ಪುಟಕ್ಕೆ ಇಷ್ಟು ಗುಂಡಿ ಯಾಕೆ? ಅಂಗಡಿಗೆ ಒಂದೇ ಗಲ್ಲಾಪೆಟ್ಟಿಗೆ ಇರುತ್ತದಲ್ಲವೇ? ನಿಜ ಏನೆಂದರೆ, ಅವು ಗುಂಡಿಗಳೇ ಅಲ್ಲ. ಅವು ಜಾಹೀರಾತಿನ ಚಿತ್ರಗಳು. ಸೋಪಿನ ಜಾಹೀರಾತಿನಲ್ಲಿ ಸೋಪಿನ ಚಿತ್ರ ಇರುವ ಹಾಗೆ, ಇಲ್ಲಿ ಡೌನ್‌ಲೋಡ್ ಗುಂಡಿಯ ಚಿತ್ರ ಇದೆ. ಕಂಡುಹಿಡಿಯುವುದು ಸುಲಭ. ಗುಂಡಿಯನ್ನು ಒತ್ತಬೇಡಿ, ಒತ್ತಿ ಹಿಡಿಯಿರಿ. ಫೋನಿನಲ್ಲಿ ಬೆರಳು ಎರಡು ಸೆಕೆಂಡು ಇಟ್ಟರೆ ಅದು ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವ ವಿಳಾಸ ಸಾಮಾನ್ಯವಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಾದರೆ ಮೌಸಿನ ಬಾಣ ಮೇಲಿಟ್ಟರೆ ಕೆಳಗಿನ ಮೂಲೆಯಲ್ಲಿ ವಿಳಾಸ ಬರುತ್ತದೆ. ನೀವಿರುವ ಸೈಟಿಗೂ ಆ ವಿಳಾಸಕ್ಕೂ ಸಂಬಂಧವೇ ಇಲ್ಲದಿದ್ದರೆ, ಅದು ಜಾಹೀರಾತು.

ಆದರೆ ಗುಂಡಿಗಳನ್ನೆಲ್ಲ ಬಿಟ್ಟು, ಖಾಲಿ ಜಾಗದಲ್ಲಿ ಮುಟ್ಟಿದರೂ ಹೊಸ ಕಿಟಕಿ ತೆರೆಯಿತಂತೆ. "ಅಣ್ಣ, ನಾನು ಎಂತದೂ ಒತ್ತಲೇ ಇಲ್ಲ, ಬರೀ ಮೇಲೆ ಸರಿಸಲು ಹೋದೆ" ಅಂದ. ಸುಳ್ಳಲ್ಲ. ಅದರ ಕಾರಣ ಹೀಗೆ. ಪುಟದ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಹಾಸಿರುತ್ತಾರೆ. ಪೋಸ್ಟರಿನ ಮೇಲೆ ಗಾಜು ಇಟ್ಟ ಹಾಗೆ. ನೀವು ಮುಟ್ಟುವುದು ಪೋಸ್ಟರನ್ನು ಅಂತ ನಿಮ್ಮ ಎಣಿಕೆ, ಮುಟ್ಟಿದ್ದು ಗಾಜನ್ನು. ಬ್ರೌಸರುಗಳು ತಾವಾಗಿ ತೆರೆಯುವ ಪಾಪ್-ಅಪ್ ಕಿಟಕಿಗಳನ್ನು ತಡೆಯುತ್ತವೆ, ಆದರೆ ಬಳಕೆದಾರ ಬೆರಳಿಟ್ಟಾಗ ತೆರೆಯುವುದನ್ನು ಬಿಡುತ್ತವೆ. ಯಾಕೆಂದರೆ ಬೆರಳಿಟ್ಟಿದ್ದೀರಿ, ಅಂದರೆ ನೀವೇ ಕೇಳಿದ್ದೀರಿ ಅಂತ ಲೆಕ್ಕ. ಆ ಒಂದು ಸ್ಪರ್ಶವನ್ನು ಕದಿಯುವುದಕ್ಕೇ ಈ ಗಾಜು. ಮೊದಲ ಸ್ಪರ್ಶಕ್ಕೆ ಒಂದು ಜಾಹೀರಾತು, ಎರಡನೆಯದಕ್ಕೆ ಇನ್ನೊಂದು. ಪ್ರತಿಯೊಂದು ಕಿಟಕಿ ತೆರೆದಾಗಲೂ ಸೈಟಿನವನಿಗೆ ಜಾಹೀರಾತು ಜಾಲದಿಂದ ಪುಡಿಗಾಸು ಸೇರುತ್ತದೆ. ಹಾಗಾಗಿ ನೀವು ಸಿನಿಮಾ ನೋಡಬೇಕಾದ ಅಗತ್ಯ ಅವನಿಗಿಲ್ಲ. ನೀವು ಹುಡುಕುತ್ತಾ, ಮುಟ್ಟುತ್ತಾ ಇದ್ದರೆ ಸಾಕು.

ಹಿಂದೆ ಹೋಗುವ ಗುಂಡಿ ಒತ್ತಿದರೆ? ಅದೇ ಪುಟ ಮತ್ತೆ ಬರುತ್ತದೆ. ಬ್ರೌಸರಿನ ಇತಿಹಾಸದೊಳಗೆ ತನ್ನನ್ನೇ ಹತ್ತಾರು ಸಲ ತುರುಕಿಕೊಂಡಿರುತ್ತದೆ ಆ ಪುಟ. ಹತ್ತು ಸಲ ಹಿಂದೆ ಹೋದರೂ ಹೊರಗೆ ಹೋಗುವುದಿಲ್ಲ. ಅಲ್ಲಿ ಜಗಳ ಆಡಬೇಡಿ. ಟ್ಯಾಬನ್ನೇ ಮುಚ್ಚಿ. ಅದೂ ಆಗದಿದ್ದರೆ ಬ್ರೌಸರನ್ನೇ ಸರಿಸಿ ಮುಚ್ಚಿ.

ಇಲ್ಲಿಯವರೆಗೆ ಆದದ್ದು ಕಿರಿಕಿರಿ. ನಷ್ಟ ಶುರುವಾಗುವುದು ಮುಂದಿನ ಮೂರು ಬಾಗಿಲುಗಳಲ್ಲಿ. ಹುಡುಗ ಮೂರನ್ನೂ ದಾಟಿದ್ದ.

ಮೊದಲನೆಯದು, `Allow`. "ನೀವು ರೋಬೋಟ್ ಅಲ್ಲ ಎಂದು ತೋರಿಸಲು Allow ಒತ್ತಿ" ಅಂತ ಇಂಗ್ಲಿಷಿನಲ್ಲಿ ಬಂತು. ಪರದೆಯ ಮೇಲೆ ಬ್ರೌಸರಿನದ್ದೇ ಒಂದು ಸಣ್ಣ ಪೆಟ್ಟಿಗೆ, ಅದರಲ್ಲಿ `Allow` ಮತ್ತು `Block`. ಆ ಪೆಟ್ಟಿಗೆ ಕೇಳುತ್ತಿರುವುದು ಬೇರೆಯೇ ಪ್ರಶ್ನೆ. ಈ ಸೈಟು ನಿಮಗೆ ನೋಟಿಫಿಕೇಶನ್ ಕಳಿಸಬಹುದೇ ಅಂತ. ರೋಬೋಟಿಗೂ ಅದಕ್ಕೂ ಸಂಬಂಧ ಇಲ್ಲ. ನಿಜವಾದ ರೋಬೋಟ್ ಪರೀಕ್ಷೆ ಪುಟದ ಒಳಗೇ ನಡೆಯುತ್ತದೆ, ಟ್ರಾಫಿಕ್ ದೀಪ ಆರಿಸಿ, ಅಕ್ಷರ ಬರೆಯಿರಿ, ಅಂತ. ಅದು ನೋಟಿಫಿಕೇಶನ್ ಅನುಮತಿ ಕೇಳುವುದೇ ಇಲ್ಲ. ಹುಡುಗ `Allow` ಒತ್ತಿದ. ಚಿಕ್ಕಮ್ಮನ ಫೋನು ಬೆಳಗ್ಗಿನಿಂದ ಬಡ್ಕೊಳ್ತಾ ಇದ್ದದ್ದು ಅದಕ್ಕೇ. ಐದು ವೈರಸ್ ಇದೆ ಅಂತ ಹೇಳಿದ್ದು ಫೋನಲ್ಲ, ಆ ಸೈಟು.

ಎರಡನೆಯದು, ಫೈಲು. ಕೊನೆಗೂ ಏನೋ ಡೌನ್‌ಲೋಡ್ ಆಯಿತು. "ಸಿನಿಮಾ ನೋಡಲು ಈ ಪ್ಲೇಯರ್ ಬೇಕು" ಅಂತ ಬಂದ ಫೈಲು. ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಅದು ಇನ್ನೂ ಇತ್ತು. ಹೆಸರಿನ ಕೊನೆ `.apk`, ತೂಕ 8 ಎಂಬಿ. ಪುಟದಲ್ಲಿ ಬರೆದಿದ್ದದ್ದು, ಸಿನಿಮಾ ಈ ಪ್ಲೇಯರಿನ ಒಳಗೇ ಇದೆ ಅಂತ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ, ಹೆದರಬೇಡಿ. ಎರಡೂವರೆ ಗಂಟೆಯ ಸಿನಿಮಾ ಅಂದರೆ 9,000 ಸೆಕೆಂಡು. ಫೋನಿನಲ್ಲಿ ಸುಮಾರಾಗಿ ನೋಡುವಂತಿರಬೇಕಾದರೆ ಸೆಕೆಂಡಿಗೆ ಒಂದು ಮೆಗಾಬಿಟ್ ಬೇಕು ಅಂತ ಇಟ್ಟುಕೊಳ್ಳಿ. ಒಟ್ಟು 9,000 ಮೆಗಾಬಿಟ್. ಎಂಟರಿಂದ ಭಾಗಿಸಿದರೆ 1,125 ಎಂಬಿ, ಅಂದರೆ ಒಂದು ಜಿಬಿಗೂ ಸ್ವಲ್ಪ ಜಾಸ್ತಿ. ಈಗ ಆ 8 ಎಂಬಿ ಫೈಲನ್ನು ಅದೇ 9,000 ಸೆಕೆಂಡಿಗೆ ಹಂಚಿ ನೋಡಿ. ಸೆಕೆಂಡಿಗೆ ಸಿಗುವುದು ಏಳು ಕಿಲೋಬಿಟ್. ಸಾಧಾರಣ ಮೊಬೈಲ್ ಕರೆಯ ಧ್ವನಿಗೇ ಅದಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಚಿತ್ರವೂ, ಹಾಡೂ, ಭೂತಕೋಲವೂ ಹೇಗೆ ಹಿಡಿಯುತ್ತದೆ? ಅದು ಸಿನಿಮಾ ಅಲ್ಲ, ಪ್ರೋಗ್ರಾಂ. ಸಿನಿಮಾದ ಫೈಲು `.mp4` ಅಥವಾ `.mkv` ಅಂತ ಮುಗಿಯುತ್ತದೆ. `.apk` ಅಂದರೆ ಆ್ಯಂಡ್ರಾಯ್ಡ್ ಫೋನಿನ ಆ್ಯಪ್, `.exe` ಅಂದರೆ ವಿಂಡೋಸ್ ಕಂಪ್ಯೂಟರಿನ ಪ್ರೋಗ್ರಾಂ. ಲ್ಯಾಪ್‌ಟಾಪಿನಲ್ಲಿ ನೋಡುವವರು ಇನ್ನೂ ಒಂದು ಎಚ್ಚರ ಇಟ್ಟುಕೊಳ್ಳಬೇಕು. ವಿಂಡೋಸ್ ಸಾಮಾನ್ಯವಾಗಿ ಹೆಸರಿನ ಕೊನೆಯ ಭಾಗವನ್ನು ಮುಚ್ಚಿಡುತ್ತದೆ. ಹೀಗಾಗಿ `kantara.mp4.exe` ಎಂಬ ಫೈಲು ನಿಮ್ಮ ಕಣ್ಣಿಗೆ `kantara.mp4` ಅಂತ ಸಿನಿಮಾದ ಹಾಗೇ ಕಾಣುತ್ತದೆ.

ಹುಡುಗ ಅದನ್ನು ಇನ್‌ಸ್ಟಾಲ್ ಮಾಡಿದ. ಫೋನು ತಡೆಯಿತು, ಗೊತ್ತಿಲ್ಲದ ಮೂಲದ ಆ್ಯಪ್ ಇದು ಅಂತ ಎಚ್ಚರಿಸಿತು. ಸೆಟ್ಟಿಂಗಿಗೆ ಹೋಗಿ ಆ ತಡೆಯನ್ನೂ ತೆಗೆದ. ಆ್ಯಪ್ ಎಸ್ಎಂಎಸ್ ಓದುವ ಅನುಮತಿ ಕೇಳಿತು, ಕೊಟ್ಟ. ಸಿನಿಮಾ ತೋರಿಸುವವನಿಗೆ ನಿಮ್ಮ ಎಸ್ಎಂಎಸ್ ಯಾಕೆ ಬೇಕು ಅಂತ ಒಂದು ಕ್ಷಣ ಕೇಳಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

ಮೂರನೆಯ ಬಾಗಿಲು, ಕಾರ್ಡು. ಆ್ಯಪ್ ತೆರೆದಾಗ ಬಂದ ಪುಟದಲ್ಲಿ "ವಯಸ್ಸು ದೃಢೀಕರಣ, ಕೇವಲ ₹5" ಅಂತ ಇತ್ತು. ಐದೇ ರೂಪಾಯಿ ಅಲ್ವಾ ಅಂತ ಅಮ್ಮನ ಡೆಬಿಟ್ ಕಾರ್ಡಿನ ನಂಬರು, ಹಿಂದಿನ ಮೂರಂಕಿ, ಎಲ್ಲ ಹಾಕಿದ. ಪುಟದ ವಿಳಾಸ ನೋಡಿದ್ದೆಯಾ ಅಂತ ಕೇಳಿದೆ. "ಪ್ರೈಮ್ ಅಂತ ಇತ್ತು ಅಣ್ಣ, ಬೀಗದ ಚಿಹ್ನೆಯೂ ಇತ್ತು" ಅಂದ. ಇತ್ತು. ಹೀಗಿತ್ತು, ಕೊನೆಯ ಭಾಗ ಮಾತ್ರ ನಾನು ಬದಲಿಸಿದ್ದೇನೆ:

```
https://primevideo.com.kantara-hd.example/pay
```

ಇದನ್ನು ಓದುವ ಕ್ರಮ ಉಂಟು. `https://` ಆದ ಮೇಲೆ ಬರುವ ಮೊದಲ ಒಂಟಿ ಗೀಟಿನಲ್ಲಿ, ಅಂದರೆ `/pay` ಇರುವಲ್ಲಿ, ನಿಲ್ಲಿ. ಅಲ್ಲಿಂದ ಎಡಕ್ಕೆ ಬನ್ನಿ. ಅದಕ್ಕೆ ತಾಗಿಕೊಂಡಿರುವ ತುಂಡುಗಳೇ ಯಜಮಾನನ ಹೆಸರು. ಇಲ್ಲಿ ಯಜಮಾನ `kantara-hd.example`. ಎದುರಿಗಿರುವ `primevideo.com` ಎನ್ನುವುದು ಅವನು ತನ್ನ ಮನೆಯ ಗೇಟಿಗೆ ಅಂಟಿಸಿಕೊಂಡ ಬೋರ್ಡು ಮಾತ್ರ. ಬೋರ್ಡನ್ನು ಯಾರು ಬೇಕಾದರೂ ಬರೆಸಬಹುದು. ಬೀಗದ ಚಿಹ್ನೆಯ ಅರ್ಥ, ನಿಮ್ಮ ಮತ್ತು ಆ ಪುಟದ ನಡುವಿನ ಮಾತನ್ನು ದಾರಿಯಲ್ಲಿ ಬೇರೆಯವರು ಕೇಳಿಸಿಕೊಳ್ಳಲಾರರು, ಅಷ್ಟೇ. ಆ ಕಡೆ ಕೂತವನು ಕಳ್ಳನೋ ಸಾಧುವೋ ಅಂತ ಬೀಗ ಹೇಳುವುದಿಲ್ಲ.

ಈಗ ಮೂರೂ ತುಂಡು ಸೇರಿಸಿ ನೋಡಿ. ಕಾರ್ಡಿನ ವಿವರ ಪುಟದಿಂದ ಹೋಯಿತು. ಒಟಿಪಿ ಬಂದದ್ದು ಎಸ್ಎಂಎಸ್‌ನಲ್ಲಿ, ಅದನ್ನು ಆ್ಯಪ್ ಓದಿತು. ಇನ್ನು ಹಣ ತೆಗೆಯಲು ಮತ್ತೇನು ಬೇಕು?

ನಾನು ಎಸ್ಎಂಎಸ್ ತೆರೆದೆ. ನೋಟಿಫಿಕೇಶನ್‌ಗಳ ರಾಶಿಯ ಕೆಳಗೆ ಬ್ಯಾಂಕಿನ ಎರಡು ಸಂದೇಶ ಇತ್ತು. ಮಧ್ಯಾಹ್ನ 2.20ಕ್ಕೆ ₹15,000. 2.50ಕ್ಕೆ ₹9,000. ಚಿಕ್ಕಮ್ಮ ಅಡಿಕೆ ಮಾರಿ ಬಂದ ದುಡ್ಡನ್ನು ಆ ಖಾತೆಯಲ್ಲಿ ಇಟ್ಟಿದ್ದರು. ಎರಡನೆಯದು ಹೋಗಿ ಅರ್ಧ ಗಂಟೆ ಆಗಿತ್ತಷ್ಟೇ.

ಆಮೇಲೆ ಮಾಡಿದ್ದನ್ನು ಅದೇ ಕ್ರಮದಲ್ಲಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಕ್ರಮ ಮುಖ್ಯ. ಮೊದಲು ಆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದೆ. ವೈಫೈ ಕೂಡ ಆಫ್. ಆ್ಯಪ್ ಇನ್ನು ಹೊಸ ಒಟಿಪಿ ಕಳಿಸಲಾರದು, ಹೊಸ ಎಸ್ಎಂಎಸ್ ಕೂಡ ಬಾರದು. ಎರಡನೆಯದು, ನನ್ನ ಫೋನಿನಿಂದ ಬ್ಯಾಂಕಿಗೆ ಮಾಡಿ ಕಾರ್ಡು ಬ್ಲಾಕ್ ಮಾಡಿಸಿದೆ. ನಂಬರನ್ನು ಕಾರ್ಡಿನ ಹಿಂಬದಿಯಿಂದಲೇ ತೆಗೆದುಕೊಂಡೆ. ಗೂಗಲ್‌ನಲ್ಲಿ ಹುಡುಕಿದರೆ ನಕಲಿ ಕಸ್ಟಮರ್ ಕೇರ್ ಸಿಕ್ಕಿ ಎರಡನೇ ಸಲ ಬೀಳುವವರು ಇದ್ದಾರೆ. ಮೂರನೆಯದು, 1930. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ ಅದು. ಹೋದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಇರುತ್ತದೆ. ಅದು ಎಲ್ಲಾದರೂ ಕೂತಿರುವಾಗಲೇ ಹಿಡಿದು ನಿಲ್ಲಿಸುವುದು ಇವರ ಕೆಲಸ. ಹಾಗಾಗಿ ನಿಮಿಷಗಳಿಗೆ ಬೆಲೆ. ಸಂಜೆ `cybercrime.gov.in` ನಲ್ಲಿ ಲಿಖಿತ ದೂರನ್ನೂ ಹಾಕಿದೆವು.

ಆಮೇಲಷ್ಟೇ ಫೋನಿನ ರಿಪೇರಿ. ಆ್ಯಪಿನ ಚಿತ್ರವೇ ಪರದೆಯಲ್ಲಿ ಇರಲಿಲ್ಲ, ಅಡಗಿಕೊಂಡಿತ್ತು. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪೂರ್ತಿ ಪಟ್ಟಿಯಲ್ಲಿ ಮಾತ್ರ ಸಿಕ್ಕಿತು. ತೆಗೆದು ಹಾಕಿದೆ. ಕೆಲವು ಆ್ಯಪ್‌ಗಳು ಹಾಗೆ ಬಿಡುವುದಿಲ್ಲ. ಆಗ ಫೋನಿನ ಅಡ್ಮಿನ್ ಆ್ಯಪ್‌ಗಳ ಪಟ್ಟಿ ಮತ್ತು ಆ್ಯಕ್ಸೆಸಿಬಿಲಿಟಿ ಪಟ್ಟಿ ನೋಡಿ, ಅಲ್ಲಿ ಕೊಟ್ಟ ಅಧಿಕಾರ ಮೊದಲು ಕಿತ್ತುಕೊಳ್ಳಬೇಕು. ಅದಕ್ಕೂ ಬಗ್ಗದಿದ್ದರೆ ಫೋಟೋ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡುವುದೊಂದೇ ದಾರಿ. ಠಣ್ ಠಣ್ ನಿಲ್ಲಿಸುವುದು ಸುಲಭ. ಕ್ರೋಮ್‌ನ ಮೂರು ಚುಕ್ಕಿ ಒತ್ತಿ `Settings`, ಅದರಲ್ಲಿ `Site settings`, ಅದರಲ್ಲಿ `Notifications`. ಅನುಮತಿ ಪಡೆದ ಸೈಟುಗಳ ಹೆಸರು ಅಲ್ಲೇ ಇರುತ್ತದೆ. ಗೊತ್ತಿಲ್ಲದ್ದನ್ನೆಲ್ಲ ತೆಗೆಯಿರಿ. ಪಾಸ್‌ವರ್ಡ್, ಯುಪಿಐ ಪಿನ್ ಬದಲಿಸುವುದು ಫೋನು ಶುದ್ಧವಾದ ಮೇಲೆ, ಇಲ್ಲವೇ ಬೇರೆ ಫೋನಿನಲ್ಲಿ. ಕಳ್ಳ ಮನೆಯೊಳಗೆ ಇರುವಾಗಲೇ ಹೊಸ ಬೀಗ ಹಾಕಿದರೆ ಏನು ಪ್ರಯೋಜನ?

ಎರಡನೆಯ ₹9,000 ಒಂದು ವಾಲೆಟ್‌ನಲ್ಲಿ ಸಿಕ್ಕಿಬಿದ್ದು ತಡೆಹಿಡಿಯಲ್ಪಟ್ಟಿತು. ಕೆಲವು ತಿಂಗಳ ನಂತರ ಖಾತೆಗೆ ವಾಪಸ್ ಬಂತು. ಮೊದಲ ₹15,000 ಬರಲಿಲ್ಲ. ಅಷ್ಟರಲ್ಲಿ ಅದು ಯಾವುದೋ ಎಟಿಎಂನಿಂದ ನಗದಾಗಿ ಹೋಗಿತ್ತು. ಅರ್ಧ ಗಂಟೆಗೂ ಒಂದು ಗಂಟೆಗೂ ಇರುವ ವ್ಯತ್ಯಾಸ ಇಷ್ಟು.

ಈಗ ನನಗೆ ಬಹಳ ಕಾಡಿದ ಮಾತು. ಮೊದಲ ಸಂದೇಶವನ್ನು ಹುಡುಗ 2.20ಕ್ಕೇ ನೋಡಿದ್ದ. ಹೇಳಲಿಲ್ಲ. ಯಾಕೆ ಅಂತ ಕೇಳಿದರೆ, "ಕದ್ದ ಸಿನಿಮಾ ನೋಡಲು ಹೋದದ್ದಲ್ವಾ ಅಣ್ಣ, ಪೊಲೀಸ್ ನನ್ನನ್ನೇ ಹಿಡಿದರೆ?" ಅಂದ. ಈ ಹೆದರಿಕೆ ಆ ಸೈಟಿನವರಿಗೂ ಗೊತ್ತಿದೆ. ಅವರ ಬಂಡವಾಳದಲ್ಲಿ ಅರ್ಧ ಪಾಲು ಅದೇ. ಮೋಸ ಹೋದವನು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ ಅಂತ. ಪೈರಸಿ ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ, ಥಿಯೇಟರಿನಲ್ಲಿ ಕದ್ದು ಚಿತ್ರೀಕರಿಸುವವರಿಗೆ ಮತ್ತು ಆ ನಕಲನ್ನು ಹಂಚಿ ದುಡ್ಡು ಮಾಡುವವರಿಗೆ ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ದಂಡ ಇದೆ. ಆದರೆ 1930ಕ್ಕೆ ಕರೆ ಮಾಡಿದಾಗ ಅವರು ನನ್ನಲ್ಲಿ ಕೇಳಿದ್ದು ಖಾತೆ ಯಾವುದು, ಎಷ್ಟು ಹೋಯಿತು, ಎಷ್ಟು ಗಂಟೆಗೆ, ವಹಿವಾಟಿನ ಸಂಖ್ಯೆ ಏನು ಅಂತ. ಯಾವ ಸಿನಿಮಾ ಅಂತ ಯಾರೂ ಕೇಳಲಿಲ್ಲ. 2.20ಕ್ಕೇ ಅವನು ಅಮ್ಮನನ್ನು ಕರೆದಿದ್ದರೆ, ಎರಡನೆಯ ಒಂಬತ್ತು ಸಾವಿರ ಖಾತೆ ಬಿಟ್ಟು ಕದಲುತ್ತಲೇ ಇರಲಿಲ್ಲ. ಮೊದಲನೆಯದೂ ಸಿಗುತ್ತಿತ್ತೋ ಏನೋ.

ಚಿಕ್ಕಮ್ಮ ಎಲ್ಲ ಕೇಳಿ ಸುಮ್ಮನೆ ಕೂತಿದ್ದರು. ಆಮೇಲೆ ಮಗನಿಗೆ ಹೇಳಿದ್ದು ಒಂದೇ ಮಾತು. "ದುಡ್ಡು ಹೋದದ್ದಕ್ಕೆ ಬೈಯುವುದಿಲ್ಲ ಮಗಾ. ಮುಂದೆ ಎಂತ ಆದರೂ ಮೊದಲು ನನಗೆ ಹೇಳು."

ಆ ಮನೆಯಲ್ಲಿ ಈಗ ಅಡುಗೆ ಕೋಣೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ 1930 ಅಂತ ಬರೆದಿದೆ. ಅಜ್ಜಿಗೆ ಸಿನಿಮಾ ತೋರಿಸಿದ್ದೂ ಆಯಿತು. ಮುಂದಿನ ವಾರ ಬಾಡಿಗೆ ಕಾರು ಮಾಡಿ ಥಿಯೇಟರಿಗೇ ಕರೆದುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕೂತು ನೋಡಿದರಂತೆ. ಕಾರಿಗೆ, ಟಿಕೆಟಿಗೆ, ಎಲ್ಲ ಸೇರಿ ಖರ್ಚಾದದ್ದು ಎರಡು ಸಾವಿರದೊಳಗೆ.